ನಿನ್ನ ಆಧಾರ ಗ್ರಂಥಗಳ ಪಟ್ಟಿ



‘ನಮ್ಮ ಸೀಮೆಯ ಊರ ಹೆಸರುಗಳು’ ಎಂಬ ನಿನ್ನ ಪ್ರಬಂಧಕ್ಕೆ ನಾವು ಒಳ್ಳೆಯ ಅಂಕಗಳನ್ನೇ ಕೊಟ್ಟಿದ್ದೇವೆ. ಆದರೆ ಕೊನೆಯ ಪುಟದ ಪಟ್ಟಿಗೆ 5ಕ್ಕೆ 2 ಮಾತ್ರ ಬಂದುದು ನಿನ್ನ ಮನಸ್ಸಿಗೆ ನಾಟಿದೆಯೆಂದು ಕೇಳಿದೆವು. ಇದೇ ಪ್ರಶ್ನೆ ಇನ್ನೂ ಕೆಲವರದಾಗಿರುವುದರಿಂದ ಉತ್ತರವನ್ನು ಈ ಸಂಚಿಕೆಯಲ್ಲೇ ಬರೆಯುತ್ತಿದ್ದೇವೆ. ನಿನ್ನ ಹೆಸರನ್ನು ಹೇಳುವುದಿಲ್ಲ, ಹೆದರಬೇಡ.

ಮೊದಲ ಅಂಕ ಹೋದದ್ದು ‘ಅನಂತಪುರ ಗೆಜೆಟಿಯರ್, ಪುಟ 300’ ಎಂಬ ಸಾಲಿನಿಂದ. ರಾಯದುರ್ಗದ ಕೋಟೆಯ ವಿಷಯವನ್ನು ಅದರಿಂದ ತೆಗೆದುಕೊಂಡೆನೆಂದು ಬರೆದಿರುವೆ. ಯಾವ ಅನಂತಪುರ ಗೆಜೆಟಿಯರ್? ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿ ಬರೆದದ್ದು ಮದ್ರಾಸಿನಲ್ಲಿ 1905ರಲ್ಲಿ ಅಚ್ಚಾಯಿತು. ಆಂಧ್ರಪ್ರದೇಶ ಸರ್ಕಾರದ್ದು 1970ರಲ್ಲಿ ಬಂತು. ನಿನ್ನ ಮಾತನ್ನು ನಂಬಿ ಒಬ್ಬರು 1905ರ ಪುಸ್ತಕವನ್ನು ತೆರೆದರೆ ಏನಾಗುತ್ತದೆ ನೋಡು. ಅದರಲ್ಲಿ ಮಡಕಶಿರಾ ತಾಲ್ಲೂಕು ಇದೆ, ರಾಯದುರ್ಗ ತಾಲ್ಲೂಕು ಇಲ್ಲ. ಏಕೆಂದರೆ ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಅದು ಅನಂತಪುರಕ್ಕೆ ಬಂತು. ಆದ್ದರಿಂದ ಹಳೆಯ ವಿವರ ಬೇಕಾದವರು ಅದೇ ಫ್ರಾನ್ಸಿಸರ ಬಳ್ಳಾರಿ ಸಂಪುಟವನ್ನು, ಅಂದರೆ 1904ರದ್ದನ್ನು, ನೋಡಬೇಕು. ನಮ್ಮ ಗಡಿಸೀಮೆಯವರಿಗೆ ಈ ತೊಡಕು ತಪ್ಪಿದ್ದಲ್ಲ. ಮಡಕಶಿರಾ ಸಹ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಊರು ಇದ್ದಲ್ಲೇ ಇರುತ್ತದೆ, ಜಿಲ್ಲೆ ಮಾತ್ರ ಬದಲಾಗುತ್ತದೆ!

ನೀನು ನಿಜವಾಗಿ ನೋಡಿದ್ದು 1904ರದ್ದಾದರೆ ಹೀಗೆ ಬರೆ: ಫ್ರಾನ್ಸಿಸ್, ಡಬ್ಲ್ಯು., ‘ಮದ್ರಾಸ್ ಡಿಸ್ಟ್ರಿಕ್ಟ್ ಗೆಜೆಟಿಯರ್ಸ್: ಬಳ್ಳಾರಿ’, ಮದ್ರಾಸು, 1904. ಆಮೇಲೆ ಪುಟಸಂಖ್ಯೆ. ನೋಡಿದ್ದು 1970ರದ್ದಾದರೆ ಅದನ್ನೇ ಬರೆ. ಬೇರೊಬ್ಬರ ಪುಸ್ತಕದಲ್ಲಿ ಅದರ ಉಲ್ಲೇಖವನ್ನಷ್ಟೇ ಓದಿದ್ದರೆ ಆ ಬೇರೊಬ್ಬರ ಪುಸ್ತಕದ ಹೆಸರನ್ನು ಕೊಡು. ಕೈಯಲ್ಲಿ ಹಿಡಿದ ಪುಸ್ತಕವೇ ಪಟ್ಟಿಯಲ್ಲಿರಬೇಕು.

ಕಿಟ್ಟೆಲ್ಲರ ನಿಘಂಟಿನಲ್ಲಿಯೂ ಇದೇ ತೊಂದರೆ. ‘ಕಲ್ಲು’ ಎಂಬ ಪದಕ್ಕೆ ನೀನು ಕೊಟ್ಟಿರುವ ವರ್ಷ 1894. ಅದು ಮಂಗಳೂರಿನಲ್ಲಿ ಅಚ್ಚಾದ ಒಂದೇ ಸಂಪುಟದ ಮೊದಲ ಮುದ್ರಣ. ಆದರೆ ನೀನು ‘ಸಂಪುಟ 1’ ಎಂದೂ ಬರೆದಿರುವೆ. ಹಾಗಾದರೆ ನೀನು ನೋಡಿದ್ದು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದ್ರಾಸು ವಿಶ್ವವಿದ್ಯಾನಿಲಯ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದು. ಒಂದರ ಪುಟಸಂಖ್ಯೆ ಇನ್ನೊಂದಕ್ಕೆ ಹೊಂದುವುದಿಲ್ಲ. ರಕ್ಷಾಪುಟವನ್ನು ನೋಡಿ ಬರೆಯಬೇಡ; ಅದನ್ನು ತಿರುಗಿಸಿ ಒಳಗಿನ ಮುಖಪುಟವನ್ನೂ ಅದರ ಹಿಂಬದಿಯನ್ನೂ ನೋಡು. ಎಷ್ಟನೆಯ ಮುದ್ರಣ, ಯಾವ ವರ್ಷ ಎಂಬುದು ಅಲ್ಲಿರುತ್ತದೆ.

ಎರಡನೆಯ ಅಂಕ ಹೆಸರುಗಳ ದೆಸೆಯಿಂದ ಹೋಯಿತು. ‘ಡಾ. ಶಂ. ಬಾ. ಜೋಶಿ’ ಎಂದು ಬರೆದು ಡಕಾರದಲ್ಲಿಟ್ಟಿರುವೆ, ‘ಪ್ರೊ. ಜಿ. ವೆಂಕಟಸುಬ್ಬಯ್ಯ’ ಪಕಾರಕ್ಕೆ ಹೋಗಿದ್ದಾರೆ. ಹೀಗಾದರೆ ಅರ್ಧ ಕನ್ನಡ ಸಾಹಿತ್ಯವೆಲ್ಲ ಡಕಾರದಲ್ಲೇ ಕೂಡಬೇಕಾಗುತ್ತದೆ. ಗೌರವಸೂಚಕಗಳನ್ನು ಪಟ್ಟಿಯಲ್ಲಿ ಬಿಡುವುದು ಅಗೌರವವಲ್ಲ, ಹುಡುಕುವವರಿಗೆ ಅನುಕೂಲ. ಜೋಶಿ, ಶಂ. ಬಾ. ಎಂದು ಜಕಾರದಲ್ಲಿ ಬರಲಿ. ಹಾಗೆಂದು ಇಂಗ್ಲಿಷ್ ಪುಸ್ತಕದ ನಿಯಮವನ್ನು ಕಣ್ಣುಮುಚ್ಚಿ ಹಿಡಿದು ಕೊನೆಯ ಪದವನ್ನೆಲ್ಲ ಮೊದಲಿಗೆ ತರಬೇಡ. ಮಾಸ್ತಿ ವೆಂಕಟೇಶ ಅಯ್ಯಂಗಾರರನ್ನು ‘ಅಯ್ಯಂಗಾರ್’ ಎಂದು ಅಕಾರದಲ್ಲಿ ಯಾರು ತಾನೆ ಹುಡುಕುತ್ತಾರೆ? ಮಾಸ್ತಿ ಎಂಬುದು ಊರ ಹೆಸರಾದರೂ ಓದುಗರು ಅವರನ್ನು ಬಲ್ಲದ್ದು ಆ ಹೆಸರಿನಿಂದಲೇ, ಮಕಾರದಲ್ಲೇ ಇರಲಿ.

ಜೋಶಿಯವರ ‘ಎಡೆಗಳು ಹೇಳುವ ಕಂನಾಡ ಕಥೆ’ಯನ್ನು ನೀನು ‘ಕನ್ನಡ ಕಥೆ’ ಎಂದು ತಿದ್ದಿರುವೆ. ಅವರು ಬೇಕೆಂದೇ ‘ಕಂನಾಡ’ ಎಂದು ಬರೆದವರು. ಪುಸ್ತಕದ ಹೆಸರಿನ ಕಾಗುಣಿತವನ್ನು ತಿದ್ದುವ ಅಧಿಕಾರ ನಮಗಾಗಲಿ ನಿನಗಾಗಲಿ ಇಲ್ಲ.

ಮೂರನೆಯ ಅಂಕ ಹೋದದ್ದು ‘ಗೂಗಲ್’ ಮತ್ತು ‘ಊರ ಹಿರಿಯರು’ ಎಂಬ ಎರಡು ಸಾಲುಗಳಿಂದ. ಗೂಗಲ್ ದಾರಿ ತೋರಿಸುತ್ತದೆ, ಆದರೆ ಅದು ಗ್ರಂಥವಲ್ಲ. ಅದು ನಿನ್ನನ್ನು ಕರೆದುಕೊಂಡು ಹೋದ ಬರಹದ ಹೆಸರು, ಬರೆದವರು, ತಾಣ, ನೀನು ಓದಿದ ದಿನಾಂಕ ಇಷ್ಟು ಬೇಕು. ಹಿರಿಯರ ಮಾತಾದರೋ ನಿನ್ನ ಪ್ರಬಂಧದ ಅತ್ಯುತ್ತಮ ಭಾಗ. ಹೊಲದ ಹೆಸರುಗಳನ್ನು ಅವರು ಹೇಳಿದ್ದು ಯಾವ ಪುಸ್ತಕದಲ್ಲಿಯೂ ಸಿಕ್ಕದು. ಅವರ ಒಪ್ಪಿಗೆ ಪಡೆದು ಹೆಸರು, ವಯಸ್ಸು, ಊರು, ಮಾತನಾಡಿದ ದಿನಾಂಕ ಬರೆ. ಅವರು ಹೇಳಿದ್ದು ತೆಲುಗಿನಲ್ಲಾದರೆ ಅದನ್ನೂ ನಮೂದಿಸು. ಇವರನ್ನು ಪುಸ್ತಕಗಳ ನಡುವೆ ಸೇರಿಸದೆ ಕೆಳಗೆ ‘ವಕ್ತೃಗಳು’ ಎಂಬ ಬೇರೆ ತಲೆಬರಹದಲ್ಲಿಡು.

ಇನ್ನು ಒಂದೊಂದು ಆಧಾರವನ್ನೂ ಒಂದೊಂದು ಚೀಟಿಯಲ್ಲಿ ಬರೆದುಕೊಂಡು, ಕಿಟ್ಟೆಲ್, ಜೋಶಿ, ಫ್ರಾನ್ಸಿಸ್ ಎಂದು ಅಕ್ಷರಮಾಲೆಯಂತೆ ಮೇಜಿನ ಮೇಲೆ ಜೋಡಿಸಿ ಕೊನೆಗೆ ಶುದ್ಧಪ್ರತಿ ಮಾಡು. ಸೋಮವಾರ ತಂದರೆ ಆ ಪುಟವನ್ನು ಮತ್ತೆ ನೋಡುತ್ತೇವೆ.