ಹಿನ್ನೀರ ದಡದಲ್ಲಿ ಎರಡು ದಿನ

ಸಾಗರದ ಸಮೀಪ, ಶರಾವತಿಯ ಹಿನ್ನೀರ ದಡದ ರೆಸಾರ್ಟೊಂದರಲ್ಲಿ ಸಂಸಾರಸಮೇತ ತಂಗಿದ್ದೆವು. ಮಕ್ಕಳಿಗೆ ಉಯ್ಯಾಲೆ, ಮರಳಿನಂಗಳಗಳಿದ್ದವು. ಊಟದಲ್ಲಿ ಪನೀರಿನ ಆರ್ಭಟದ ನಡುವೆ ನಮ್ಮ ತೊಡೆದೇವು ಮೂಲೆಗೆ ಸರಿದಿತ್ತು. ಈಜುಕೊಳದ ನೀರೇನೋ ತಳ ಕಾಣುವಷ್ಟು ತಿಳಿ. ಆದರೆ ಅಂಚಿನಲ್ಲಿ ಆಳದ ಅಂಕಿಗಳಿರಲಿಲ್ಲ, ಕಾವಲುಗಾರನೂ ಇರಲಿಲ್ಲ. ಮುಳುಗುವ ಮಗು ಕೂಗಿ ಕರೆಯುವುದು ಅಪರೂಪ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕಿಳಿದು, ಸದ್ದಿಲ್ಲದೆ ಕ್ಷಣಗಳಲ್ಲಿ ಮರೆಯಾಗುತ್ತದೆ. ಆದಕಾರಣ ಮಕ್ಕಳಿಂದ ಕೈಗೆಟಕುವ ದೂರದಲ್ಲಿ ನಾನೇ ನೀರಿಗಿಳಿದು ನಿಂತೆನು.

ಹೊರಡುವಾಗ ಊಟದ 4,000 ರೂಪಾಯಿಗೆ ಶೇಕಡಾ 10ರಂತೆ 400 ರೂಪಾಯಿ ‘ಸೇವಾ ಶುಲ್ಕ’ವನ್ನು ಬಿಲ್ಲಿನಲ್ಲಿ ಸೇರಿಸಿದ್ದರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜುಲೈ ಮಾರ್ಗಸೂಚಿಯಂತೆ, ಕೇಳದೆಯೇ ಅದನ್ನು ಹೇರುವಂತಿಲ್ಲ. ತೋರಿಸಿದೊಡನೆ ಗುಮಾಸ್ತರು ತೆಗೆದರು. ಅದರ ಮೇಲೆ ಬಿದ್ದಿದ್ದ ಶೇಕಡಾ 5ರ ಜಿಎಸ್‌ಟಿ, 20 ರೂಪಾಯಿಯೂ ಜೊತೆಗೇ ಇಳಿಯಿತು.