ಬೋಣಿ ಆದ ಮೇಲೆ ಬನ್ನಿ

1994ರಲ್ಲಿ ಬೆಂಗಳೂರಿನ ನಮ್ಮ ಬಡಾವಣೆಯ ಗಣೇಶನಿಗೆ ಚಂದಾ ಎತ್ತಲು ಹೊರಟಾಗ ನಮ್ಮ ಬಳಿ ಇದ್ದದ್ದು ಒಂದು ರಸೀದಿ ಪುಸ್ತಕ, ಒಂದು ಉಪಾಯ. ಮೊದಲ ರಸೀದಿಯನ್ನು ನಮ್ಮವರೇ ಒಬ್ಬರ ಹೆಸರಿಗೆ 501 ರೂಪಾಯಿ ಎಂದು ಬರೆದು, ಅದರ ಕಾರ್ಬನ್ ಪ್ರತಿ ಕಣ್ಣಿಗೆ ಬೀಳುವ ಹಾಗೆ ಪುಸ್ತಕ ಬಿಚ್ಚುವುದು. 51 ಕೊಡಬೇಕೆಂದಿದ್ದ ಅಂಗಡಿಯವರು ನಾಚಿಕೊಂಡು 101 ಕೊಡುತ್ತಿದ್ದರು. ಆ 501 ರೂಪಾಯಿ ಡಬ್ಬಿಗೆ ಬಿದ್ದದ್ದನ್ನು ನಾನಂತೂ ನೋಡಿಲ್ಲ.

ಹತ್ತು ಹನ್ನೆರಡು ಹುಡುಗರು ಒಟ್ಟಿಗೇ ಹೋಗುತ್ತಿದ್ದೆವು. ಅದನ್ನು ಉತ್ಸಾಹ ಎಂದುಕೊಂಡಿದ್ದೆವು. ಕೌಂಟರಿನ ಆಚೆ ಕೂತವರಿಗೆ ಅದು ಹೇಗೆ ಕಾಣುತ್ತಿತ್ತು ಎಂದು ಯೋಚಿಸಿರಲಿಲ್ಲ. ಬೆಳಗ್ಗೆ ಬೋಣಿ ಆಗುವ ಮೊದಲೇ ನುಗ್ಗಿ ಬೈಸಿಕೊಂಡದ್ದೂ ಇದೆ. ಮನವಿಪತ್ರದಲ್ಲಿ 'ಯಥಾಶಕ್ತಿ ಧನಸಹಾಯ ಮಾಡಿ ದೇವರ ಕೃಪೆಗೆ ಪಾತ್ರರಾಗಿ' ಎಂದಿರುತ್ತಿತ್ತು. ಕೃಪೆಯ ಜವಾಬ್ದಾರಿ ದೇವರದು, ನಮ್ಮದೇನೂ ಇಲ್ಲ.

ಎಡವಟ್ಟಾದದ್ದು ಒಬ್ಬ ಜವಳಿ ಅಂಗಡಿಯವರ ಹತ್ತಿರ. ಸಾವಿರ ರೂಪಾಯಿ ಪಡೆದು, 'ನಿಮ್ಮ ಹೆಸರು ದೊಡ್ಡದಾಗಿ ಹಾಕಿಸ್ತೀವಿ ಸಾರ್' ಎಂದಿದ್ದೆವು. ಬಟ್ಟೆಯ ಮೇಲೆ ಪೇಂಟರ್ ದೊಡ್ಡದಾಗಿಯೇ ಬರೆದ. ನಾವು ಅದನ್ನು ಕಟ್ಟಿದ್ದು ಜನರೇಟರ್ ಹಿಂದೆ. ಮರುವರ್ಷ ಹೋದಾಗ ಅವರು ಗದರಲಿಲ್ಲ. 'ದೇವರಿಗೆ ಅಂತ ಕೇಳಿದ್ರೆ 21 ರೂಪಾಯಿ ತಗೊಳ್ಳಿ. ಬೋರ್ಡಿಗೆ ಅಂತ ಕೇಳಿದ್ರೆ ಎಲ್ಲಿ ಕಟ್ತೀರ, ಬಂದು ತೋರಿಸಿ' ಎಂದರು. 21 ತೆಗೆದುಕೊಂಡು ಬಂದೆವು.

ಚಂದಾ ಬೇರೆ, ಜಾಹೀರಾತು ಬೇರೆ ಎಂಬ ಅವರ ಲೆಕ್ಕ ನಮ್ಮ ಸಮಿತಿಯ ಕಾಗದಕ್ಕೆ ಇಳಿಯಲು ಇಪ್ಪತ್ತು ವರ್ಷವೇ ಹಿಡಿಯಿತು. ಈಗ ರಸೀದಿ ಪುಸ್ತಕ ಮನೆಗಳಿಗೆ ಮಾತ್ರ. ಅಂಗಡಿಗಳಿಗೆ ಒಂದು ಪುಟದ ಪತ್ರ, ಹೋಗುವುದು ಇಬ್ಬರೇ. ಆಷಾಢದಲ್ಲಿ ವ್ಯಾಪಾರ ಮಂದ, ಮಾತಿಗೆ ಪುರುಸೊತ್ತಿರುತ್ತದೆ. ಪತ್ರ ಕೊಡುವುದು ಆಗ. ಶ್ರಾವಣ ಬಂತೆಂದರೆ ಅವರ ದುಡ್ಡೆಲ್ಲ ವರಮಹಾಲಕ್ಷ್ಮಿ ಹಬ್ಬದ ಸರಕಿನ ಮೇಲೆ ಕೂತಿರುತ್ತದೆ. ಹಾಗಾಗಿ ಹಣ ಕೇಳುವುದು ಆ ಹಬ್ಬ ಕಳೆದ ಮೇಲೆ.

ಪತ್ರದ ಮುಖ್ಯ ಭಾಗ ಹೀಗಿದೆ: 'ರೂ. 5,000ಕ್ಕೆ: ಆರು ಅಡಿ ಉದ್ದ, ಮೂರು ಅಡಿ ಎತ್ತರದ ಬಟ್ಟೆ ಬ್ಯಾನರ್ ಒಂದು, ಪೆಂಡಾಲಿನ ಒಳಗೆ, ವೇದಿಕೆಗೂ ಬಾಗಿಲಿಗೂ ನಡುವೆ, ಮೂರು ದಿನ. ಪ್ರತಿ ಸಂಜೆ ಏಳರಿಂದ ಒಂಬತ್ತರೊಳಗೆ ಮೈಕಿನಲ್ಲಿ ಮೂರು ಸಲ ಅಂಗಡಿಯ ಹೆಸರು. ಸಾವಿರ ಕರಪತ್ರಗಳಲ್ಲಿ ಒಂದು ಸಾಲು. ಅಚ್ಚಿಗೆ ಮೊದಲು ನಿಮಗೆ ತೋರಿಸುತ್ತೇವೆ. ಇಂಥ ಬ್ಯಾನರ್ ಎಂಟೇ. ನಿಮ್ಮದೇ ವ್ಯಾಪಾರದ ಇನ್ನೊಂದು ಅಂಗಡಿಯ ಬ್ಯಾನರೂ ಇರಬಹುದು.'

ಎಂಟು ಎಂದದ್ದು ಬೆಲೆ ಏರಿಸಲು ಅಲ್ಲ. ವೇದಿಕೆಗೂ ಬಾಗಿಲಿಗೂ ನಡುವಿನ ಜಾಗ ಅಳೆದರೆ ಹಿಡಿಸುವುದೇ ಅಷ್ಟು. ಒಂಬತ್ತನೆಯದು ಜನರೇಟರ್ ಹಿಂದೆಯೇ ಹೋಗಬೇಕು. ಬಟ್ಟೆ ಎಂದು ಬರೆದದ್ದಕ್ಕೂ ಕಾರಣವಿದೆ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸ್ ಕೂಡ ಅದರಲ್ಲಿ ಸೇರಿತ್ತು. ಪೆಂಡಾಲಿನ ಹೊರಗೆ, ರಸ್ತೆಗೆ ಕಟ್ಟಿ ಕೊಡುತ್ತೇವೆ ಎಂದು ಮಾತು ಕೊಟ್ಟರೆ ಪಾಲಿಕೆಯವರು ಕಿತ್ತುಕೊಂಡು ಹೋದ ದಿನ ನಾವು ಸುಳ್ಳರಾಗುತ್ತೇವೆ. ಮೈಕಿನ ಹೊತ್ತನ್ನೂ ಬರೆಯಲೇಬೇಕು: ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸುವುದು ಕಾನೂನು, ಆರ್ಕೆಸ್ಟ್ರಾ ಶುರುವಾಗುವುದೇ ತಡವಾಗಿ. ಕೂಗುತ್ತೇವೆಂದ ಹೆಸರುಗಳು ಕೊನೆಗೆ ಉಳಿದರೆ ಒಂದೇ ಉಸಿರಿನಲ್ಲಿ ಓದಿ ಮುಗಿಸಬೇಕಾಗುತ್ತದೆ. ಯಾರ ಕಿವಿಗೂ ಬೀಳುವುದಿಲ್ಲ.

ಕೆಳಗೆ ಇನ್ನೆರಡು ಸಾಲು. ಮಳೆಯಿಂದ ಒಂದು ಸಂಜೆ ಹೋದರೆ ಮೈಕಿನ ಸರದಿ ಮರುದಿನಕ್ಕೆ. ಬ್ಯಾನರ್ ಕಟ್ಟದೇ ಹೋದರೆ ಹಣ ವಾಪಸ್. ಕಟ್ಟಿದ ದಿನವೇ ಅದರ ಫೋಟೊ ಅಂಗಡಿಯವರ ವಾಟ್ಸಾಪಿಗೆ ಹೋಗುತ್ತದೆ. ಯುಪಿಐನಲ್ಲಿ ಹಣ ಬಂದರೂ 'ಜಾಹೀರಾತಿನ ಬಾಬ್ತು' ಎಂದು ಬರೆದ ಬಿಲ್ಲು ಕೊಡುತ್ತೇವೆ. ಇದನ್ನು ಕಲಿಸಿದವರು ಒಬ್ಬ ಅಂಗಡಿಯವರ ಆಡಿಟರ್. ನಮ್ಮಂಥ ಸಮಿತಿಗೆ ಕೊಟ್ಟ ಚಂದಾದಿಂದ ಅಂಗಡಿಯವರಿಗೆ ತೆರಿಗೆಯಲ್ಲಿ ಕಾಸಿನ ಪ್ರಯೋಜನವಿಲ್ಲ. ಜಾಹೀರಾತಿಗೆ ಕೊಟ್ಟದ್ದು, ಬಿಲ್ಲಿದ್ದರೆ, ವ್ಯಾಪಾರದ ಖರ್ಚು.

ಹೀಗೆ ಬರೆದದ್ದರಿಂದ ಹಣ ಹೊಳೆಯಾಗಿ ಹರಿಯಲಿಲ್ಲ. ಮೊದಲೆಲ್ಲ ಮುಲಾಜಿಗೆ ಕೊಡುತ್ತಿದ್ದವರಲ್ಲಿ ಕೆಲವರು ಪತ್ರ ಓದಿ, 'ನಮಗೆ ಬ್ಯಾನರ್ ಬೇಡಪ್ಪ' ಎಂದು ನಿರಾಳವಾಗಿ ಹಿಂದಿರುಗಿಸಿದರು. ಕೊಡುವುದು ಏನು ಎಂದು ಹೇಳಿದ ಮೇಲೆ ಬೇಡ ಎನ್ನುವುದೂ ಸುಲಭ. ಮೊದಲ ವರ್ಷ ಎಂಟರಲ್ಲಿ ಐದು ಹೋದವು. ಆ ಸಲ ಆರ್ಕೆಸ್ಟ್ರಾ ಎರಡು ಸಂಜೆಯಿಂದ ಒಂದಕ್ಕೆ ಇಳಿಯಿತು.

ಜವಳಿ ಅಂಗಡಿಯನ್ನು ಈಗ ಅವರ ಮಗ ನೋಡಿಕೊಳ್ಳುತ್ತಾರೆ. ಪತ್ರ ಓದಿ, ಸ್ಕ್ಯಾನ್ ಮಾಡುವ ಮೊದಲು ಕೇಳಿದರು, 'ಜನರೇಟರ್ ಎಲ್ಲಿಡ್ತೀರ ಸಾರ್?'