ದನಿಗೆ ಬಂದ ಜಡ್ಡು

ಮಕ್ಕಳೇ, ಒಂದು ಸಲ ಮೆಲ್ಲಗೆ ಚಪ್ಪಾಳೆ ತಟ್ಟಿ ನೋಡಿ. ಈಗ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ತಟ್ಟಬಲ್ಲಿರಿ ಎಂದು ಎಣಿಸಿ. ಎಷ್ಟೇ ಬೇಗ ತಟ್ಟಿದರೂ ಹತ್ತು ದಾಟುವುದು ಕಷ್ಟ. ಆದರೆ ನೀವು 'ಆ' ಎಂದಾಗ ನಿಮ್ಮ ಗಂಟಲಿನೊಳಗೆ ಎರಡು ಪುಟ್ಟ ಮಡಿಕೆಗಳು ಒಂದು ಸೆಕೆಂಡಿಗೆ ಸುಮಾರು 250 ಸಲ ಒಂದಕ್ಕೊಂದು ತಾಗಿ ದೂರ ಸರಿಯುತ್ತವೆ. ಇವೇ ಧ್ವನಿ ತಂತುಗಳು. ತಂತು ಎಂದರೆ ಏಕತಾರಿಯ ತಂತಿಯ ಹಾಗೆ ಇರುತ್ತವೆಂದು ತಿಳಿಯಬೇಡಿ. ಇವು ಧ್ವನಿಪೆಟ್ಟಿಗೆಯ ಎರಡು ಗೋಡೆಗಳಿಂದ ಚಾಚಿಕೊಂಡಿರುವ, ತೇವವಾದ, ಮೆತ್ತನೆಯ ತುಟಿಗಳಂತಿವೆ. ಶ್ವಾಸಕೋಶದಿಂದ ಬರುವ ಗಾಳಿ ಅವುಗಳ ನಡುವೆ ನುಗ್ಗುವಾಗ ಅವು ಅದುರಿ ದನಿ ಹುಟ್ಟುತ್ತದೆ.

ನಾನು ಇಂಡಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುವ ನಲಿ-ಕಲಿ ತರಗತಿ ನನ್ನದು. ಬೆಳಿಗ್ಗೆ ಪ್ರಾರ್ಥನೆ ಹೇಳಿಸುವುದೂ, ಊರಿನ ಭಜನಾ ಮೇಳದಲ್ಲಿ ಹಾಡುವುದೂ ನಾನೇ. ಒಂದು ಜನವರಿಯಲ್ಲಿ ನನಗೆ ನೆಗಡಿಯಾಗಿ ದನಿ ಒಡೆಯಿತು. ಅದೇ ವಾರ ಗಣರಾಜ್ಯೋತ್ಸವದ ಕವಾಯತಿನ ತಾಲೀಮೂ ನಡೆದಿತ್ತು. ನೆಗಡಿ ಹೋಯಿತು, ದನಿ ಮಾತ್ರ ಮರಳಲಿಲ್ಲ. ನೋವಿರಲಿಲ್ಲ. ಬೆಳಿಗ್ಗೆ ಪರವಾಗಿಲ್ಲ ಎನ್ನುವಂತಿದ್ದ ದನಿ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಗೊಗ್ಗರಾಗುತ್ತಿತ್ತು. 'ಅಕ್ಕೋರ, ನಿಮ್ಮ ದನಿ ಎಲ್ಲಿ ಹೋತ್ರಿ?' ಎಂದು ಎರಡನೆಯ ತರಗತಿಯ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು.

ಇನ್ನೊಂದು ಸಂಗತಿ ನನಗೆ ವಿಚಿತ್ರವೆನಿಸಿತು. ಭಜನೆಯಲ್ಲಿ ಏರುದನಿಯಲ್ಲಿ ಕೂಗಿ ಹಾಡಿದರೆ ಮೇಲಿನ ಸ್ವರ ಹೇಗೋ ಬರುತ್ತಿತ್ತು. ಅದೇ ಸ್ವರವನ್ನು ಮಗುವಿಗೆ ಜೋಗುಳ ಹಾಡುವಷ್ಟು ಮೆಲ್ಲಗೆ ಹಾಡಹೋದರೆ ಬರೀ ಗಾಳಿ ಹೊರಡುತ್ತಿತ್ತು. ಆಮೇಲೆ ತಿಳಿಯಿತು, ಹಾಡುಗಾರರಲ್ಲಿ ಮೊದಲು ಕಾಣುವ ಗುರುತೇ ಇದು. ಜೋರಾಗಿ ಹಾಡುವಾಗ ಗಾಳಿಯ ಒತ್ತಡ ಹೆಚ್ಚಿರುವುದರಿಂದ ತಂತುಗಳು ಹೇಗಾದರೂ ಅದುರುತ್ತವೆ. ಮೆಲ್ಲಗೆ, ಎತ್ತರದಲ್ಲಿ ಹಾಡುವಾಗ ಅವುಗಳ ಅಂಚುಗಳು ನಯವಾಗಿ ಕೂಡಬೇಕು. ಅಂಚಿನಲ್ಲಿ ಉಬ್ಬು ಇದ್ದರೆ ಅದರ ಮುಂದೆಯೂ ಹಿಂದೆಯೂ ಸಂದು ಉಳಿದು ಗಾಳಿ ಸೋರುತ್ತದೆ.

ದನಿ ಒಡೆದು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಬೇಕು. ನಾನು ವಿಜಯಪುರಕ್ಕೆ ಹೋದೆ. ವೈದ್ಯರು ನನ್ನ ನಾಲಿಗೆಯನ್ನು ಬಟ್ಟೆಯಿಂದ ಹಿಡಿದು, ತುದಿಯಲ್ಲಿ ಕ್ಯಾಮೆರಾ ಇರುವ ಸಪೂರ ಕೊಳವೆಯನ್ನು ಬಾಯೊಳಗೆ ಇಟ್ಟು 'ಈ ಅನ್ನಿ' ಎಂದರು. ಪರದೆಯ ಮೇಲೆ ನನ್ನದೇ ಧ್ವನಿ ತಂತುಗಳು ಕಂಡವು. ಅವು ಒಂದು ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಸಲ ಅದುರುತ್ತಿದ್ದರೂ ಪರದೆಯ ಮೇಲೆ ನಿಧಾನವಾಗಿ ತೆರೆದು ಮುಚ್ಚುತ್ತಿದ್ದವು. ಇದು ಮಿನುಗುವ ಬೆಳಕಿನ ಕರಾಮತ್ತು. ಮಿನುಗುವ ದೀಪದ ಕೆಳಗೆ ತಿರುಗುವ ಫ್ಯಾನಿನ ರೆಕ್ಕೆಗಳು ಕೆಲವೊಮ್ಮೆ ನಿಧಾನವಾಗಿ ತಿರುಗಿದಂತೆ ಕಾಣುತ್ತವಲ್ಲವೆ? ಹಾಗೆಯೇ ಇದೂ.

ಗಂಟಲೊಳಗಿನ ಈ ಅದುರಾಟವನ್ನು ಮೊದಲು ಚೆನ್ನಾಗಿ ನೋಡಿ ವಿವರಿಸಿದವರು ವೈದ್ಯರಲ್ಲ, ಸಂಗೀತದ ಮೇಷ್ಟ್ರು! ಮ್ಯಾನುಯೆಲ್ ಗಾರ್ಸಿಯಾ ಎಂಬ ಹಾಡುಗಾರಿಕೆಯ ಗುರು 1854ರಲ್ಲಿ ಪ್ಯಾರಿಸ್‌ನಲ್ಲಿ ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯನ್ನು ಗಂಟಲಿನ ಹಿಂಭಾಗಕ್ಕೆ ಹಿಡಿದು, ಇನ್ನೊಂದು ಕೈಗನ್ನಡಿಯಿಂದ ಅದರ ಮೇಲೆ ಬಿಸಿಲು ಬೀಳಿಸಿ, ತನ್ನ ಧ್ವನಿ ತಂತುಗಳನ್ನು ತಾನೇ ಕಂಡ. ಮರುವರ್ಷ ಅದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ. (ನೀವು ಮನೆಯಲ್ಲಿ ಈ ಪ್ರಯೋಗ ಮಾಡಹೋಗಬೇಡಿ, ವಾಂತಿಯಾದೀತು.)

ನನ್ನ ಎರಡೂ ತಂತುಗಳ ಅಂಚಿನಲ್ಲಿ, ಎದುರು ಬದುರಾಗಿ, ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದೊಂದು ಬಿಳಿಯ ಉಬ್ಬು ಕಂಡಿತು. ಇದಕ್ಕೆ ಧ್ವನಿ ತಂತುವಿನ ಗಂಟು ಎನ್ನುತ್ತಾರೆ. ಗುದ್ದಲಿ ಹಿಡಿಯುವವರ ಅಂಗೈಗೆ ಜಡ್ಡು ಕಟ್ಟುವುದನ್ನು ನೀವು ನೋಡಿದ್ದೀರಿ. ಗುದ್ದಲಿಯ ಹಿಡಿ ಉಜ್ಜುವ ಜಾಗದಲ್ಲೇ ಅದು ಬರುತ್ತದೆ. ಇಲ್ಲಿಯೂ ಹಾಗೆಯೇ. ಎರಡು ಗೂಟಗಳಿಗೆ ಕಟ್ಟಿದ ಹಗ್ಗವನ್ನು ಮೀಟಿದರೆ ನಡುವೆ ಹೆಚ್ಚು ಜೀಕುತ್ತದೆ. ಧ್ವನಿ ತಂತುವಿನ ಅದುರುವ ಭಾಗದ ನಟ್ಟನಡುವೆಯೂ ಪೆಟ್ಟು ಹೆಚ್ಚು ಬೀಳುತ್ತದೆ. ಗಂಟು ಹುಟ್ಟುವುದು ಅಲ್ಲೇ. ಪೆಟ್ಟು ಎರಡಕ್ಕೂ ಬೀಳುವುದರಿಂದ ಸಾಮಾನ್ಯವಾಗಿ ಅದು ಜೋಡಿಯಾಗಿಯೇ ಬರುತ್ತದೆ.

ಎಷ್ಟು ಪೆಟ್ಟು? ಬನ್ನಿ, ಲೆಕ್ಕ ಮಾಡೋಣ. ನನ್ನ ತಂತುಗಳು ಸೆಕೆಂಡಿಗೆ 220 ಸಲ ತಾಗುತ್ತವೆ ಎಂದುಕೊಳ್ಳಿ. ಒಂದು ನಿಮಿಷಕ್ಕೆ 220 × 60 = 13,200. ಶಾಲೆಯ ಐದು ಗಂಟೆಗಳಲ್ಲಿ ಮೂರನೆಯ ಒಂದು ಪಾಲು, ಅಂದರೆ 100 ನಿಮಿಷ ನನ್ನ ದನಿ ಹೊರಟರೆ ಒಟ್ಟು 13,20,000 ಸಲ! ಗಂಡಸರ ತಂತುಗಳು ಉದ್ದ, ದಪ್ಪ. ಅವು ಸುಮಾರು ಇದರ ಅರ್ಧದಷ್ಟು ಸಲ ಮಾತ್ರ ಅದುರುತ್ತವೆ. ದೊಡ್ಡವರಲ್ಲಿ ಈ ಗಂಟು ಹೆಂಗಸರಿಗೇ ಹೆಚ್ಚಾಗಿ ಬರಲು ಇದೂ ಒಂದು ಕಾರಣ. ಬರೀ ಎಣಿಕೆಯಿಂದಲೇ ಗಂಟು ಬರುವುದಿಲ್ಲ. ಸುತ್ತ ಸದ್ದಿದ್ದಾಗ ನಮಗೆ ತಿಳಿಯದಂತೆಯೇ ನಮ್ಮ ದನಿ ಏರುತ್ತದೆ, ಏರಿದಷ್ಟೂ ಪೆಟ್ಟು ಜೋರಾಗುತ್ತದೆ. ಪಕ್ಕದ ಕೋಣೆಯಲ್ಲಿ ಮಗ್ಗಿ ಕೂಗುತ್ತಿದ್ದರೆ ಈ ಕೋಣೆಯ ಶಿಕ್ಷಕರ ದನಿ ತಾನಾಗಿಯೇ ಎತ್ತರಿಸುತ್ತದೆ.

'ಹದಿನೈದು ದಿನ ಮೌನ ಹಿಡೀರಿ, ತಾನ ಹೋಗ್ತದ' ಎಂದು ಊರಿನಲ್ಲಿ ಹಲವರು ಹೇಳಿದ್ದರು. ವೈದ್ಯರು ಮೂರು ದಿನ ಮಾತ್ರ ಪೂರ್ತಿ ಮೌನ ಹೇಳಿದರು. ನೆಗಡಿಯಿಂದಲೂ ಕೂಗಿನಿಂದಲೂ ಬಂದಿದ್ದ ಊತ ಇಳಿಯಲು ಅಷ್ಟು ಬೇಕಿತ್ತು. ಮೌನದಿಂದ ಊತ ಇಳಿಯುತ್ತದೆ. ಆದರೆ ಮಾತನಾಡುವ ರೀತಿ ಬದಲಾಗದು. ಮೌನ ಮುಗಿಸಿ ಅದೇ ರೀತಿ ಕೂಗತೊಡಗಿದರೆ ಗಂಟು ಮತ್ತೆ ಬಲಿಯುತ್ತದೆ. ಶಸ್ತ್ರಚಿಕಿತ್ಸೆ ಮಾಡಿ ತೆಗೆದರೂ ಇದೇ ಮಾತು. ಆದ್ದರಿಂದ ಗಂಟಿಗೆ ಮೊದಲ ಮದ್ದು ಮಾತಿನ ಚಿಕಿತ್ಸೆ. ಆ ಮೂರು ದಿನ ನಾನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಪಿಸುಮಾತೂ ಬೇಡ ಎಂದಿದ್ದರು. ಬಲವಾಗಿ ಪಿಸುಗುಟ್ಟುವಾಗ ಅನೇಕರು ಧ್ವನಿಪೆಟ್ಟಿಗೆಯನ್ನು ಹಿಂಡುತ್ತಾರೆ, ಅದು ವಿಶ್ರಾಂತಿಯಲ್ಲ.

ಜೇನು, ಜ್ಯೇಷ್ಠಮಧು, ಮೆಣಸಿನ ಕಷಾಯ ಎಲ್ಲವೂ ಮನೆಗೆ ಬಂದವು. ಕುಡಿಯಲು ಹಿತವೇ. ಆದರೆ ನಾವು ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿ ತಂತುಗಳಿರುವುದು ಶ್ವಾಸನಾಳದ ಬಾಯಲ್ಲಿ. ನುಂಗಿದ್ದು ಅಲ್ಲಿಗೆ ತಾಗಿದರೆ ಕೆಮ್ಮಿ ಕೆಮ್ಮಿ ಸಾಕಾಗುತ್ತದೆ! ಕುಡಿದ ನೀರು ಕೂಡ ಮೈಗೆಲ್ಲ ಹರಡಿ ಆಮೇಲೆ ಅಲ್ಲಿನ ತೇವಕ್ಕೆ ನೆರವಾಗುತ್ತದೆ. ನೇರವಾಗಿ ಅಲ್ಲಿಗೆ ತಲುಪುವುದು ಉಸಿರಿನ ಜೊತೆ ಹೋಗುವ ಹಬೆ. ನಮ್ಮ ಕಡೆಯ ಒಣ ಗಾಳಿ ಮತ್ತು ಸುಣ್ಣದ ಕಡ್ಡಿಯ ಧೂಳೂ ಅಲ್ಲಿಗೆ ತಲುಪುತ್ತವೆ.

ಶನಿವಾರ ಬೆಳಗಿನ ಶಾಲೆ ಮುಗಿಸಿ, ಬಸ್ಸು ಹಿಡಿದು, ಎಂಟು ವಾರ ಮಾತಿನ ಚಿಕಿತ್ಸಕಿಯ ಬಳಿ ಹೋದೆ. ಅಲ್ಲಿನ ಬೆಂಚಿನ ಮೇಲೆ ಕಾಯುತ್ತಿದ್ದವರನ್ನು ನೋಡಿದರೆ ದನಿಯಿಂದ ಬದುಕುವವರು ಎಷ್ಟು ಬಗೆಯವರೆಂದು ತಿಳಿಯುತ್ತಿತ್ತು. ಸಿಂದಗಿ ಕಡೆಯ ಮೊಹರಂ ಪದ ಹಾಡುವವರೊಬ್ಬರು, ಮುದ್ದೇಬಿಹಾಳದ ಒಬ್ಬ ಕನ್ನಡ ಮೇಷ್ಟ್ರು, ನಮ್ಮ ಇಂಡಿಯ ಲಿಂಬೆ ಮಾರುಕಟ್ಟೆಯಲ್ಲಿ ಸವಾಲು ಕೂಗುವವರು. ಬಸವನ ಬಾಗೇವಾಡಿಯಿಂದ ಅಜ್ಜಿಯ ಜೊತೆ ಬರುತ್ತಿದ್ದ ಐದನೆಯ ತರಗತಿಯ ಹುಡುಗನೂ ಇದ್ದ. ಆಟದ ಬಯಲಿನಲ್ಲಿ ಅವನ ಕೂಗು ಎಲ್ಲರಿಗಿಂತ ಮೇಲಂತೆ. ಹೌದು, ಈ ಗಂಟು ನಿಮ್ಮ ವಯಸ್ಸಿನವರಿಗೂ ಬರುತ್ತದೆ, ಹುಡುಗರಿಗೆ ಹೆಚ್ಚು.

ಮೊದಲು ಕಲಿಸಿದ್ದು ಉಸಿರು. ಹೊಟ್ಟೆಯ ಮೇಲೆ ಕೈ ಇಟ್ಟು, ಉಸಿರು ಎಳೆದಾಗ ಕೈ ಮುಂದೆ ಬರುವಂತೆ, ಭುಜ ಏರದಂತೆ. ಆಮೇಲೆ ಒಂದು ಲೋಟ ನೀರು, ಒಂದು ಸ್ಟ್ರಾ. ಸ್ಟ್ರಾದ ತುದಿಯನ್ನು ಎರಡು ಬೆರಳಿನಷ್ಟು ನೀರಿನಲ್ಲಿ ಅದ್ದಿ 'ಊ' ಎನ್ನುತ್ತ ಗುಳ್ಳೆ ಬಿಡಬೇಕು, ದನಿಯನ್ನು ಮೆಲ್ಲಗೆ ಏರಿಸಿ ಇಳಿಸಬೇಕು. ಮಕ್ಕಳಾಟದಂತೆ ಕಂಡಿತು. ಆದರೆ ಇದರಲ್ಲಿ ಜಾಣತನವಿದೆ. ಸ್ಟ್ರಾದ ಸಣ್ಣ ದಾರಿಯೂ ನೀರೂ ಗಾಳಿಯನ್ನು ತಡೆಯುವುದರಿಂದ ಒತ್ತಡ ಹಿಂದಕ್ಕೆ, ತಂತುಗಳ ಮೇಲ್ಗಡೆಯವರೆಗೂ ಬರುತ್ತದೆ. ಅದು ತಂತುಗಳನ್ನು ತುಸು ದೂರ ಇರಿಸುತ್ತದೆ. ಆಗ ಅವು ಅದುರುತ್ತವೆ, ಅಪ್ಪಳಿಸುವುದಿಲ್ಲ. ಇದನ್ನು ದಿನಕ್ಕೆ ನಾಲ್ಕೈದು ಸಲ, ಎರಡೆರಡು ನಿಮಿಷ ಮಾಡಿದೆ.

ಅನಂತರ 'ಮ್' ಎಂದು ಗುಂಯ್‌ಗುಡುವುದು. ತುಟಿ, ಮೂಗಿನ ಬಳಿ ಕಚಗುಳಿ ಇಟ್ಟಂತಾದರೆ ಸರಿ, ಗಂಟಲು ಬಿಗಿದರೆ ತಪ್ಪು. ಆ ಕಚಗುಳಿಯನ್ನು ಉಳಿಸಿಕೊಂಡೇ 'ನಮ್ಮ ಮಾಮನ ಮನೆ', 'ಮಾವಿನ ಮರ' ಎಂದು ಹೇಳುವುದು, ಅಲ್ಲಿಂದ ವಾಕ್ಯಕ್ಕೆ, ಕೊನೆಗೆ ಪಾಠಕ್ಕೆ. ಕಷ್ಟವಾದದ್ದು ಈ ಕೊನೆಯ ಹೆಜ್ಜೆ. ಚಿಕಿತ್ಸಕಿಯ ಕೋಣೆಯಲ್ಲಿ ಬಂದ ದನಿ ಮೂವತ್ತು ಮಕ್ಕಳ ಮುಂದೆ ಮಾಯವಾಗುತ್ತಿತ್ತು. ಅದಕ್ಕೆ ತರಗತಿಯನ್ನೇ ಬದಲಿಸಿದೆ. ಮಕ್ಕಳನ್ನು ಅರ್ಧ ವೃತ್ತದಲ್ಲಿ ಕೂರಿಸಿ ನಡುವೆ ನಿಂತೆ. ಗಮನ ಸೆಳೆಯಲು ಕೂಗುವ ಬದಲು ಊಟದ ತಟ್ಟೆ ಬಡಿದೆ. ಎಲ್ಲರೂ ಒಟ್ಟಾಗಿ ಓದುವಾಗ ನಾನು ಓದಲಿಲ್ಲ. ಮಾತಿನ ಮುಂಚೆ ಗಂಟಲು ಕೆರೆಯುವ ಬದಲು ಒಂದು ಗುಟುಕು ನೀರು ಕುಡಿದೆ.

ಹತ್ತನೆಯ ವಾರ ಮತ್ತೆ ಕ್ಯಾಮೆರಾ. ಬಲಗಡೆಯ ಗಂಟು ಕಾಣಲಿಲ್ಲ, ಎಡಗಡೆಯದು ಸಣ್ಣ ಗುರುತಾಗಿ ಉಳಿದಿತ್ತು. ಮೊಹರಂ ಪದದವರಿಗೆ ಮಾತ್ರ ಬೇರೆ ದಾರಿ. ಅವರದು ಗಂಟಲ್ಲ, ಒಂದೇ ಕಡೆ ರಕ್ತ ತುಂಬಿದ ಮೆತ್ತನೆಯ ಗುಳ್ಳೆ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾಯಿತು, ಆಮೇಲೆ ಒಂದು ವಾರ ಮೌನ, ನಂತರ ಅದೇ ಲೋಟ ಮತ್ತು ಸ್ಟ್ರಾ. ಹೊರಗಿನಿಂದ ಕೇಳಿದರೆ ಅವರ ದನಿಯೂ ನನ್ನ ದನಿಯೂ ಒಂದೇ ತೆರನಾಗಿ ಗೊಗ್ಗರಾಗಿದ್ದವು. ಗುಟ್ಕಾ, ಬೀಡಿಯ ಚಟವಿರುವವರ ಒಡೆದ ದನಿಯ ಹಿಂದೆ ಕ್ಯಾನ್ಸರ್ ಇದ್ದರೂ ಇರಬಹುದು. ನಿಮ್ಮ ಮನೆಯಲ್ಲಿ ಯಾರ ದನಿಯಾದರೂ ಮೂರು ವಾರದಿಂದ ಕೂತಿದ್ದರೆ ಅವರಿಗೆ ಇದನ್ನು ಓದಿ ಹೇಳಿ.

ಬಾಗೇವಾಡಿಯ ಹುಡುಗನಿಗೆ ಚಿಕಿತ್ಸಕಿ ಒಂದು ಸೀಟಿ ಕೊಟ್ಟಿದ್ದರು. ಆಟದಲ್ಲಿ ಕೂಗಬೇಕೆನಿಸಿದಾಗ ಅದನ್ನು ಊದಬೇಕೆಂದು ಹೇಳಿದ್ದರು. ಕೊನೆಯ ಸಲ ಕಂಡಾಗ ಅವನ ದನಿ ತಿಳಿಯಾಗಿತ್ತು. 'ಅಕ್ಕೋರ, ಸೀಟಿ ನನ್ನ ಕಡೆ ಅದ ಅಂತ ನನ್ನನ್ನ ಅಂಪೈರ್ ಮಾಡ್ಯಾರ್ರಿ' ಎಂದ.